ಬ್ರೆಡ್ ಹಿಟ್ಟು: ಬೆಚ್ಚಗಿನ ನೀರೋ ಮಡಕೆಯ ನೀರೋ, ನಾದುವುದೋ ಮಡಚುವುದೋ

ಮನೆಯಲ್ಲಿ ಬ್ರೆಡ್ ಮಾಡಲು ಹೊರಟವರಿಗೆ ಎಲ್ಲ ಕಡೆಯೂ ಅವೇ ಮೂರು ಮಾತು ಸಿಗುತ್ತವೆ: ಉಗುರು ಬೆಚ್ಚಗಿನ ನೀರು ಹಾಕಿ, ಹತ್ತು ನಿಮಿಷ ನಾದಿ, ಒಂದು ಗಂಟೆ ಉಬ್ಬಲು ಬಿಡಿ. ಈ ಮೂರಕ್ಕೂ ಬದಲಿ ದಾರಿಗಳಿವೆ. ಮಂಗಳೂರಿನ ನನ್ನ ಅಡುಗೆಮನೆಯಲ್ಲಿಯೂ ಡಿಸೆಂಬರಿನ ಚಳಿಯಲ್ಲಿ ಮಡಿಕೇರಿಯ ಅಕ್ಕನ ಮನೆಯಲ್ಲಿಯೂ ಅವನ್ನು ಜೊತೆಜೊತೆಯಾಗಿ ಮಾಡಿ ನೋಡಿದ್ದೇನೆ. ಅಳತೆ ಎಲ್ಲ ಸಲವೂ ಒಂದೇ: 300 ಗ್ರಾಂ ಮೈದಾ, 195 ಗ್ರಾಂ ನೀರು, 6 ಗ್ರಾಂ ಉಪ್ಪು, 3 ಗ್ರಾಂ ಇನ್‌ಸ್ಟಂಟ್ ಯೀಸ್ಟ್, ಒಂದು ಚಮಚ ಸಕ್ಕರೆ, ಒಂದು ಚಮಚ ಎಣ್ಣೆ. ನೀರನ್ನು ಲೋಟದಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಿದ್ದೇನೆ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಮೊದಲು ನೀರು. ಬೆಚ್ಚಗಿನ ನೀರು ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ, ಇವೆರಡನ್ನೂ ಒಂದೇ ಎಂದುಕೊಂಡಾಗ ಗೊಂದಲ ಶುರುವಾಗುತ್ತದೆ. ಒಂದು, ಸಾಸಿವೆಗಿಂತ ಸಣ್ಣ ಕಾಳುಗಳಂತಿರುವ ಹಳೆಯ ಬಗೆಯ ಒಣ ಯೀಸ್ಟನ್ನು ಎಬ್ಬಿಸುವುದು. ಅದಕ್ಕೆ 38ರಿಂದ 43 ಡಿಗ್ರಿಯ ನೀರು ನಿಜಕ್ಕೂ ಬೇಕು. ಚಿಟಿಕೆ ಸಕ್ಕರೆ ಹಾಕಿಟ್ಟರೆ ಹತ್ತು ನಿಮಿಷದಲ್ಲಿ ಮೇಲೆ ನೊರೆ ಕಟ್ಟಬೇಕು. ಕಟ್ಟದಿದ್ದರೆ ಆ ಯೀಸ್ಟ್ ಸತ್ತಿದೆ, ಮೈದಾ ಹಾಳುಮಾಡಬೇಡಿ. ಎರಡನೆಯ ಕೆಲಸ ಇಡೀ ಹಿಟ್ಟನ್ನು ಬೆಚ್ಚಗೆ ಮಾಡುವುದು. ಇದು ಊರನ್ನು ಅವಲಂಬಿಸಿದ್ದು. ಹಿಟ್ಟು 25ರಿಂದ 27 ಡಿಗ್ರಿಯಲ್ಲಿದ್ದರೆ ಯೀಸ್ಟ್ ಹದವಾಗಿ ಕೆಲಸ ಮಾಡುತ್ತದೆ, ರುಚಿಯೂ ಬರುತ್ತದೆ. ಏಪ್ರಿಲ್‌ನಲ್ಲಿ ಮಂಗಳೂರಿನ ಡಬ್ಬಿಯೊಳಗಿನ ಮೈದಾವೇ 31 ಡಿಗ್ರಿ ಇರುತ್ತದೆ. ಅದಕ್ಕೆ 40 ಡಿಗ್ರಿಯ ನೀರು ಸುರಿದರೆ ಕಲಸಿದ ಹಿಟ್ಟು 36ರ ಆಸುಪಾಸಿಗೆ ಹೋಗುತ್ತದೆ, ಏಕೆಂದರೆ ತೂಕದಲ್ಲಿ ಕಡಿಮೆಯಿದ್ದರೂ ಮೈದಾಕ್ಕಿಂತ ನೀರೇ ಹೆಚ್ಚು ಶಾಖ ಹಿಡಿದಿರುತ್ತದೆ. ನಾದುವಾಗ ಕೈಯ ಬಿಸಿ ಬೇರೆ ಸೇರುತ್ತದೆ.

ಹೀಗೆ ಕಲಸಿದ ಹಿಟ್ಟು ನನ್ನಲ್ಲಿ ಸುಮಾರು ನಲವತ್ತು ನಿಮಿಷಕ್ಕೆ ಎರಡರಷ್ಟಾಯಿತು. ನೋಡಲು ಸಂಭ್ರಮವೇ. ಆದರೆ ಬ್ರೆಡ್ಡಿನ ಒಳಭಾಗದಲ್ಲಿ ಹೆಂಡದ ವಾಸನೆ ಉಳಿಯಿತು, ಮರುದಿನಕ್ಕೆ ಪುಡಿಪುಡಿಯಾಯಿತು. ಅದೇ ಅಳತೆಗೆ ಮಡಕೆಯ ನೀರು ಹಾಕಿದಾಗ ಒಂದೂಕಾಲು ಗಂಟೆ ಹಿಡಿಯಿತು, ರುಚಿ ಎಷ್ಟೋ ಮೇಲು. ಮಡಿಕೇರಿಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ನಲ್ಲಿಯ ನೀರಿನಲ್ಲಿ ಕಲಸಿದ ಹಿಟ್ಟು ಮೂರು ಗಂಟೆ ಕಳೆದರೂ ಎರಡರಷ್ಟಾಗಲಿಲ್ಲ. 40 ಡಿಗ್ರಿಯ ನೀರಿನದು ಒಂದೂವರೆ ಗಂಟೆಗೆ ಸಿದ್ಧವಾಯಿತು. ಆದ್ದರಿಂದ ಕರಾವಳಿಯಲ್ಲೂ ಬಯಲುಸೀಮೆಯ ಬೇಸಿಗೆಯಲ್ಲೂ ನನ್ನ ಓಟು ಮಡಕೆಯ ನೀರಿಗೆ, ಚಳಿಯ ಊರಿನಲ್ಲಿ ಬೆಚ್ಚಗಿನ ನೀರಿಗೆ. ಕಾಳು ಯೀಸ್ಟ್ ಮಾತ್ರ ಕೈಯಲ್ಲಿದ್ದರೆ ನೀರಿನ ಕಾಲು ಭಾಗವನ್ನಷ್ಟೇ ಬೆಚ್ಚಗೆ ಮಾಡಿ ಅದರಲ್ಲಿ ಯೀಸ್ಟ್ ನೆನೆಸಿ, ಉಳಿದದ್ದನ್ನು ತಣ್ಣಗೇ ಹಾಕಿ. ನಯವಾದ ಇನ್‌ಸ್ಟಂಟ್ ಯೀಸ್ಟನ್ನು ನೇರವಾಗಿ ಮೈದಾದಲ್ಲಿ ಬೆರೆಸಿದರೆ ಸಾಕು. ಥರ್ಮಾಮೀಟರ್ ಇಲ್ಲದವರು ಬೆರಳಿಟ್ಟು ನೋಡಬಹುದು: 40 ಡಿಗ್ರಿಯ ನೀರು ಕೂಸಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿರುತ್ತದೆ. ಬೆರಳು ಚುರುಗುಟ್ಟಿದರೆ ಹಾಕಬೇಡಿ. 60 ಡಿಗ್ರಿಗೆ ಯೀಸ್ಟ್ ಸತ್ತೇ ಹೋಗುತ್ತದೆ.

ಇನ್ನು ನಾದುವುದು. ಒಂದು ಕಡೆ ಹತ್ತು ಹನ್ನೆರಡು ನಿಮಿಷ ಬಿಡದೆ ನಾದಿದ ಹಿಟ್ಟು, ಇನ್ನೊಂದು ಕಡೆ ಬರೀ ಕಲಸಿ ಮುಚ್ಚಿಟ್ಟು ಅರ್ಧರ್ಧ ಗಂಟೆಗೊಮ್ಮೆ ಅಂಚನ್ನು ಎಳೆದು ಮೇಲಕ್ಕೆ ಮಡಚಿದ ಹಿಟ್ಟು. ಎರಡರ ಗುರಿಯೂ ಒಂದೇ: ಮೈದಾದ ಪ್ರೋಟೀನ್ ನೀರು ಕುಡಿದು ಗ್ಲುಟೆನ್ನಿನ ಬಲೆ ಕಟ್ಟಬೇಕು, ಆ ಬಲೆಯಲ್ಲಿ ಯೀಸ್ಟಿನ ಗಾಳಿ ಸಿಕ್ಕಿಕೊಳ್ಳಬೇಕು. ಬಲೆಯ ಅರ್ಧ ಕೆಲಸ ನೀರು ಮತ್ತು ಸಮಯದಿಂದಲೇ ಆಗುತ್ತದೆ ಎಂಬುದನ್ನು ನಾದುವವರು ಮರೆಯುತ್ತಾರೆ. ಕಲಸಿದ ಕೂಡಲೇ ನಾದಲು ಹೊರಟರೆ ಮೊದಲ ಐದು ನಿಮಿಷ ಕೈಗೆ ಅಂಟುತ್ತದೆ, ಅಂಟುತ್ತದೆಂದು ಮೈದಾ ಉದುರಿಸುತ್ತೇವೆ, ಬ್ರೆಡ್ ಗಟ್ಟಿಯಾಗುತ್ತದೆ. ಅದೇ ಮುದ್ದೆಯನ್ನು ಇಪ್ಪತ್ತು ನಿಮಿಷ ಮುಚ್ಚಿಟ್ಟು ಆಮೇಲೆ ಕೈ ಹಾಕಿದರೆ ಐದಾರು ನಿಮಿಷಕ್ಕೆ ನುಣುಪಾಗುತ್ತದೆ.

ಫಲಿತಾಂಶದಲ್ಲಿ ವ್ಯತ್ಯಾಸವಿದೆ. ನಾದಿದ ಹಿಟ್ಟಿನ ಬ್ರೆಡ್ಡಿನಲ್ಲಿ ರಂಧ್ರಗಳು ಸಣ್ಣವು, ಒಂದೇ ಸಮ. ಹೋಳು ಮಾಡಿ ಬೆಣ್ಣೆ ಹಚ್ಚಲು ಇದೇ ಸರಿ. ಮಡಚಿದ್ದರಲ್ಲಿ ರಂಧ್ರಗಳು ದೊಡ್ಡವು, ಜಾಮ್ ಕೆಳಕ್ಕೆ ಸೋರುತ್ತದೆ, ಆದರೆ ಸಾರಿಗೆ ಅದ್ದಿ ತಿನ್ನಲು ಅದಕ್ಕೆ ಸಾಟಿಯಿಲ್ಲ. ನನ್ನ ಸೆಕೆಯ ಅಡುಗೆಮನೆಯಲ್ಲಿ ಮಡಚುವ ದಾರಿ ಒಂದು ಕಾರಣಕ್ಕೆ ಸೋಲುತ್ತದೆ: ನಾಲ್ಕು ಸಲ ಮಡಚಲು ಎರಡು ಗಂಟೆ ಬೇಕು, ಅಷ್ಟರೊಳಗೆ ಹಿಟ್ಟು ಉಬ್ಬಿ ಮುಗಿದಿರುತ್ತದೆ. ಯೀಸ್ಟನ್ನು 1 ಗ್ರಾಮಿಗೆ ಇಳಿಸಿದರೆ ಮಾತ್ರ ಎರಡಕ್ಕೂ ಹೊಂದುತ್ತದೆ. ಹಾಗಾಗಿ ಸ್ಯಾಂಡ್‌ವಿಚ್ ಬ್ರೆಡ್ಡಿಗೆ ನಾನು ಇಪ್ಪತ್ತು ನಿಮಿಷ ಬಿಟ್ಟು ಆಮೇಲೆ ನಾದುವುದನ್ನೇ ಆರಿಸಿಕೊಂಡಿದ್ದೇನೆ. ನಾದಿದ್ದು ಸಾಕೇ ಎಂದು ತಿಳಿಯಲು ನಿಂಬೆಗಾತ್ರದ ಉಂಡೆ ತೆಗೆದು ಎರಡೂ ಕೈಯ ಬೆರಳುಗಳಿಂದ ನಿಧಾನವಾಗಿ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಹರಿಯದೆ ಬೆಳಕು ಕಾಣುವಷ್ಟು ತೆಳುವಾದರೆ ಆಯಿತು. ಗೋಧಿ ಹಿಟ್ಟಿನಲ್ಲಿ ಈ ಪರೀಕ್ಷೆ ನಡೆಯದು, ತೌಡಿನ ಚೂರುಗಳು ಪೊರೆಯನ್ನು ಹರಿಯುತ್ತವೆ. ಅದಕ್ಕೆ ನೀರೂ ಹೆಚ್ಚು ಬೇಕು.

ಕೊನೆಯದು, ಹಿಟ್ಟು ಸಾಕಷ್ಟು ಉಬ್ಬಿದೆಯೇ ಎಂದು ಗೊತ್ತಾಗುವುದು ಹೇಗೆ? ಗಡಿಯಾರವನ್ನು ಮೊದಲೇ ಕೈಬಿಡಬಹುದು; ಮಂಗಳೂರು ಮತ್ತು ಮಡಿಕೇರಿಯ ಸಮಯಗಳನ್ನು ಮೇಲೆ ಹೇಳಿದ್ದೇನೆ. ಉಳಿದ ಪೈಪೋಟಿ ಕಣ್ಣಿಗೂ ಬೆರಳಿಗೂ. ಅಗಲ ಬಾಯಿಯ ಪಾತ್ರೆಯಲ್ಲಿ ಕಣ್ಣನ್ನು ನಂಬುವಂತಿಲ್ಲ. ಹಿಟ್ಟು ಮೇಲೇರುವುದಕ್ಕಿಂತ ಪಕ್ಕಕ್ಕೆ ಹರಡುತ್ತದೆ, ಎರಡರಷ್ಟಾದರೂ ಒಂದೂವರೆಯಷ್ಟು ಕಾಣುತ್ತದೆ. ನೇರ ಗೋಡೆಯ ಗಾಜಿನ ಭರಣಿಗೆ ಎಣ್ಣೆ ಸವರಿ ಹಿಟ್ಟು ಹಾಕಿ, ಅದರ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿದರೆ ಅಳತೆ ಖಚಿತ. ಪಕ್ಕದಿಂದ ಒಳಗಿನ ಗುಳ್ಳೆಗಳೂ ಕಾಣುತ್ತವೆ.

ಬೆರಳಿನ ಪರೀಕ್ಷೆಗೆ ಮೈದಾ ಮುಟ್ಟಿದ ತೋರುಬೆರಳನ್ನು ಮೊದಲ ಗೆಣ್ಣಿನವರೆಗೆ ಇಳಿಸಿ ತೆಗೆಯಿರಿ. ಕುಳಿ ಕೂಡಲೇ ಮುಚ್ಚಿಕೊಂಡರೆ ಇನ್ನೂ ಕಾಯಬೇಕು. ಕುಳಿ ಹಾಗೆಯೇ ನಿಂತರೆ ಮೊದಲ ಉಬ್ಬು ಮುಗಿದಿದೆ. ಸುತ್ತಲಿನ ಹಿಟ್ಟು ಉಸ್ಸೆಂದು ಕುಸಿದರೆ ಮೀರಿದೆ. ಗಮನಿಸಬೇಕಾದ್ದು, ಇದು ಮೊದಲ ಉಬ್ಬಿನ ಕಟ್ಟಳೆ. ಗಾಳಿ ತೆಗೆದು ಸುರುಳಿ ಸುತ್ತಿ ಅಚ್ಚಿಗೆ ಹಾಕಿದ ಮೇಲೆ ಕುಳಿ ಪೂರ್ತಿ ನಿಲ್ಲುವವರೆಗೆ ಕಾಯಬಾರದು. ನಿಧಾನವಾಗಿ ಅರ್ಧದಷ್ಟು ತುಂಬಿಕೊಳ್ಳುವಾಗಲೇ ಒಲೆಗೆ ಹೋಗಬೇಕು, ಏಕೆಂದರೆ ಒಲೆಯೊಳಗೆ ಇನ್ನೊಂದಿಷ್ಟು ಏರಲು ಅದಕ್ಕೆ ಕಸುವು ಉಳಿದಿರಬೇಕು.

ಮೊದಲ ಉಬ್ಬಿಗೆ ಭರಣಿ, ಎರಡನೆಯದಕ್ಕೆ ಬೆರಳು. ನನಗೆ ಈ ಜೋಡಿಯೇ ಒಗ್ಗಿದೆ, ಅಚ್ಚಿನೊಳಗೆ ರಬ್ಬರ್ ಬ್ಯಾಂಡ್ ಕಟ್ಟಲಾಗುವುದಿಲ್ಲವಲ್ಲ. ಅಚ್ಚಿನಲ್ಲಿ ಮೀರಿ ಹೋಯಿತೆಂದರೆ ಒಮ್ಮೆ ಗಾಳಿ ತೆಗೆದು ಮತ್ತೆ ಸುತ್ತಿ ಇಡಬಹುದು, ಈ ಸಲ ಬೇಗನೆ ಏರುತ್ತದೆ. ಎರಡನೆಯ ಸಲವೂ ಮೀರಿದರೆ ಬ್ರೆಡ್ಡಿನ ಆಸೆ ಬಿಟ್ಟು ಅಗಲವಾಗಿ ತಟ್ಟಿ, ಎಣ್ಣೆ ಸವರಿ, ಬೆಳ್ಳುಳ್ಳಿ ಉದುರಿಸಿ ದಪ್ಪ ತಳದ ಕಾವಲಿಯಲ್ಲಿ ಮುಚ್ಚಿ ಬೇಯಿಸಿ.