ಇಳಿದ ನಿಲ್ದಾಣದಲ್ಲೇ ಹತ್ತಲು ಹೋಗಿ ಬಸ್ ತಪ್ಪಿಸಿಕೊಂಡೆ

ಹಳೆಯದು, ಹೊಸದು ಎಂದು ಎರಡು ಬಸ್ ನಿಲ್ದಾಣಗಳಿರುವ ಊರಿನಿಂದ ರಾತ್ರಿ ಬಸ್ ಹಿಡಿಯುವವರು ದಯವಿಟ್ಟು ಇದನ್ನು ಓದಿ.

ಬೆಳಿಗ್ಗೆ ಆ ಊರಿಗೆ ಹೋದಾಗ ಬಸ್ಸು ನನ್ನನ್ನು ಹಳೇ ನಿಲ್ದಾಣದಲ್ಲಿ ಇಳಿಸಿತ್ತು. ವಾಪಸಾಗಲು ರಾತ್ರಿ 9.40ರ ಬಸ್ಸಿಗೆ ಮುಂಗಡ ಟಿಕೆಟ್ ಮಾಡಿಸಿದ್ದೆ. ಹತ್ತುವ ಸ್ಥಳ ಎಂಬಲ್ಲಿ ಊರಿನ ಹೆಸರು, ಅದರ ಮುಂದೆ ‘ಬಸ್ ನಿಲ್ದಾಣ’ ಎಂದಷ್ಟೇ ಇತ್ತು. ಇಳಿದಲ್ಲೇ ಹತ್ತುವುದು ಎಂದುಕೊಂಡು ಒಂಬತ್ತಕ್ಕೇ ಹೋಗಿ ಕುಳಿತೆ. ಗೋಡೆಯ ವೇಳಾಪಟ್ಟಿಯಲ್ಲಿ ನಮ್ಮೂರಿನ ಹೆಸರಿನ ಎದುರು 9.40 ಎಂದೂ ಇತ್ತು. ಅದರ ಮೇಲೆ ತೆಳುವಾಗಿ ಸುಣ್ಣ ಬಳಿದಿದ್ದರು. ಸುಣ್ಣ ಉದುರಿ ಅಂಕಿ ಮತ್ತೆ ಇಣುಕಿದೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

9.35ಕ್ಕೆ ನಿರ್ವಾಹಕರ ಫೋನ್ ಬಂತು. “ಎಲ್ಲಿದ್ದೀರಿ ಸರ್? ನಾವು ಮೂರನೇ ಅಂಕಣದಲ್ಲಿದ್ದೇವೆ” ಎಂದರು. ನಾನೂ ಮೂರನೇ ಅಂಕಣದಲ್ಲೇ ನಿಂತಿದ್ದೆ! ಒಂದು ನಿಮಿಷ ಇಬ್ಬರೂ ಒಬ್ಬರನ್ನೊಬ್ಬರು ಹುಡುಕಿದೆವು. ಅವರಿದ್ದದ್ದು ನಾಲ್ಕು ಕಿಲೋಮೀಟರ್ ಆಚೆ, ಬೈಪಾಸ್ ಪಕ್ಕದ ಹೊಸ ನಿಲ್ದಾಣದಲ್ಲಿ. ಆಟೋದಲ್ಲಿ ಓಡಿದೆ, ಆದರೆ ಅಷ್ಟರಲ್ಲಿ ಬಸ್ ಹೋಗಿತ್ತು.

ಆಮೇಲೆ ಅಲ್ಲಿನ ಸಂಚಾರ ನಿಯಂತ್ರಕರು ವಿವರಿಸಿದರು. ಒಂದೇ ಮಾರ್ಗದ ಬಸ್ಸುಗಳೆಲ್ಲ ಒಂದೇ ನಿಲ್ದಾಣದಿಂದ ಹೊರಡಬೇಕೆಂದಿಲ್ಲವಂತೆ. ಅದೇ ಊರಿನ ಘಟಕದ ಬಸ್ಸಾದರೆ ಹಳೇ ನಿಲ್ದಾಣದಿಂದ ಹೊರಟು ಹೊಸದನ್ನು ಮುಟ್ಟಿ ಹೋಗುತ್ತದೆ. ಬೇರೆ ಊರಿನಿಂದ ಬಂದು ಮುಂದಕ್ಕೆ ಹೋಗುವ ಬಸ್ಸು ಹಗಲಿನಲ್ಲಿ ಹಳೇ ನಿಲ್ದಾಣದಲ್ಲಿ ಜನರನ್ನು ಇಳಿಸಬಹುದು, ಆದರೆ ರಾತ್ರಿ ಊರೊಳಗೆ ಬರುವುದೇ ಇಲ್ಲ. ನನ್ನದು ಈ ಎರಡನೆಯ ಬಗೆಯದು. ಅದರ ಸುಳಿವು ಟಿಕೆಟ್‌ನಲ್ಲೇ ಇತ್ತು: ಬಸ್ ಹೊರಡುವ ಸಮಯ 8.15, ನಾನು ಹತ್ತುವ ಸಮಯ 9.40. ಎರಡರ ನಡುವೆ ಇಷ್ಟು ಅಂತರವಿದ್ದರೆ ಬಸ್ ಹಿಂದಿನ ಯಾವುದೋ ಊರಿನಿಂದ ಬರುತ್ತಿದೆ ಎಂದೇ ಅರ್ಥ.

ಈಗ ನಾನು ಕೇಳುವ ರೀತಿ ಬದಲಾಗಿದೆ. ‘ಇಂಥ ಊರಿನ ಬಸ್ ಎಲ್ಲಿ ನಿಲ್ಲುತ್ತದೆ’ ಎಂದರೆ ಹೆಚ್ಚಿನವರು ಹಗಲಿನ ಬಸ್ಸನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಆದ್ದರಿಂದ ವಿಚಾರಣಾ ಕೌಂಟರಿನಲ್ಲಿ ಸಮಯ ಹೇಳಿ, ‘ರಾತ್ರಿ 9.40ರದ್ದು ಇಲ್ಲಿಂದಲೇ ಹೊರಡುತ್ತದೆಯೋ, ಬೇರೆ ಕಡೆಯಿಂದ ಬರುತ್ತದೆಯೋ? ಹಳೇ ನಿಲ್ದಾಣದ ಒಳಗೆ ಬರುತ್ತದೆಯೋ?’ ಎಂದು ಕೇಳುತ್ತೇನೆ. ನಿರ್ವಾಹಕರ ಸಂಖ್ಯೆ ಮೊಬೈಲಿಗೆ ಬಂದ ಕೂಡಲೇ ನಾನೇ ಫೋನ್ ಮಾಡಿ ‘ಹಳೆಯದೋ ಹೊಸದೋ’ ಎಂದು ವಿಚಾರಿಸುತ್ತೇನೆ. ಅಂಕಣದ ಸಂಖ್ಯೆಯನ್ನು ಕೇಳುವುದು ಆಮೇಲೆ. ಉತ್ತರ ಸಿಗದಿದ್ದರೆ ಹೊಸ ನಿಲ್ದಾಣಕ್ಕೇ ಹೋಗುತ್ತೇನೆ, ಏಕೆಂದರೆ ಹಳೆಯದರಿಂದ ಹೊರಟ ದೂರದ ಬಸ್ಸುಗಳೂ ಸಾಮಾನ್ಯವಾಗಿ ಅದನ್ನು ಮುಟ್ಟಿಯೇ ಹೋಗುತ್ತವೆ.

ಟಿಕೆಟ್ ಹಣ ವಾಪಸ್ ಸಿಗಲಿಲ್ಲ. ಬಸ್ ಸರಿಯಾದ ಸಮಯಕ್ಕೆ ಬಂದಿತ್ತು, ಹತ್ತದೇ ಉಳಿದವನು ನಾನು ಎಂಬುದು ಅವರ ಲೆಕ್ಕ.