ಇನ್ಫೋಸಿಸ್ ಮೇಲೆ ಮೂರು ಪುಟ್ ಹೆಣಿಗೆಗಳು: ನಾನು ಉಳಿಸಿಕೊಂಡದ್ದು ಬ್ರೋಕನ್ ವಿಂಗ್

ಇನ್ನೊಂದು ಷೇರಿನಲ್ಲಿ ಬುಲ್ ಪುಟ್ ಸ್ಪ್ರೆಡ್ ಹಾಕಿ, ಒಂದೇ ಬೆಳಗಿನ ಕುಸಿತಕ್ಕೆ ಹನ್ನೊಂದು ಸಾವಿರ ಕಳೆದುಕೊಂಡ ಮೇಲೆ ನಾನು ಬ್ರೋಕನ್ ವಿಂಗ್ ಬಟರ್‌ಫ್ಲೈಗೆ, ಅಂದರೆ ಎರಡು ರೆಕ್ಕೆಗಳ ಅಗಲ ಸಮವಿಲ್ಲದ ಹೆಣಿಗೆಗೆ ಬಂದೆ. ಈಗ ಅದನ್ನೇ ಹೆಚ್ಚು ಹಾಕುತ್ತೇನೆ.

ಇನ್ಫೋಸಿಸ್ 1500ರ ಆಸುಪಾಸಿನಲ್ಲಿತ್ತು, ಎಕ್ಸ್‌ಪೈರಿಗೆ ಇಪ್ಪತ್ತು ದಿನ, ಲಾಟ್ 400. 1480ರ ಪುಟ್ ಒಂದನ್ನು 26ಕ್ಕೆ ಕೊಂಡೆ, 1460ರ ಎರಡನ್ನು 18.50ರಂತೆ ಮಾರಿದೆ, 1420ರದ್ದೊಂದನ್ನು 8.50ಕ್ಕೆ ಕೊಂಡೆ. ಕೈಗೆ ಉಳಿದದ್ದು 2.50, ಅಂದರೆ 1000 ರೂಪಾಯಿ. ಷೇರು ಏರಿದರೆ ಖರ್ಚು ಕಳೆದು ಅಷ್ಟು ನನ್ನದು. ಎಕ್ಸ್‌ಪೈರಿಯಲ್ಲಿ ಸರಿಯಾಗಿ 1460ಕ್ಕೆ ನಿಂತರೆ 9000. ನಷ್ಟ 1437.50ರ ಕೆಳಗೆ ಶುರುವಾಗಿ 1420ರಲ್ಲಿ 7000ಕ್ಕೆ ನಿಲ್ಲುತ್ತದೆ.

ಅದೇ ದಿನದ ದರದಲ್ಲಿ 1460 ಮಾರಿ 1420 ಕೊಳ್ಳುವ ಬುಲ್ ಪುಟ್ ಸ್ಪ್ರೆಡ್ ಹಾಕಿದ್ದರೆ 4000 ಬರುತ್ತಿತ್ತು. ಆದರೆ ನಷ್ಟ ಶುರುವಾಗುವುದು 1450ರಲ್ಲೇ, ಗರಿಷ್ಠ ನಷ್ಟ 12,000. ಎರಡೂ ರೆಕ್ಕೆ ಸಮವಿರುವ ಬಟರ್‌ಫ್ಲೈಗೆ ಸುಮಾರು 800 ರೂಪಾಯಿ ಕೈಯಿಂದ ಹಾಕಬೇಕು. ಷೇರು ಏರಿದರೆ ಅದು ಹೋದಂತೆಯೇ. ಏರಿಕೆಯ ಕಡೆ ಏನೂ ಕಳೆದುಕೊಳ್ಳದೆ, ಕೆಳಗಿನ ನಷ್ಟವನ್ನೂ ಸ್ಪ್ರೆಡ್‌ಗಿಂತ ಕಡಿಮೆ ಇಡುವುದು ಈ ಮೂರರಲ್ಲಿ ಬ್ರೋಕನ್ ವಿಂಗ್ ಮಾತ್ರ.

ತೊಡಕು ಇರುವುದು ಆ 9000ದಲ್ಲಿ. ಎಕ್ಸ್‌ಪೈರಿಗೆ ಐದು ದಿನವಿದ್ದಾಗ ಷೇರು ಸರಿಯಾಗಿ 1460ಕ್ಕೇ ಬಂದು ಕುಳಿತಿತ್ತು, ಆದರೂ ಪರದೆಯ ಮೇಲೆ ಲಾಭ ಆರುನೂರನ್ನೂ ಮುಟ್ಟಿರಲಿಲ್ಲ. ಮಾರಿದ ಎರಡು ಪುಟ್‌ಗಳಲ್ಲಿ ಕಾಲದ ಬೆಲೆ ಇನ್ನೂ ಉಳಿದಿತ್ತು. ಅದು ಕರಗುವುದು ಕೊನೆಯ ದಿನಗಳಲ್ಲೇ. ಆ ಕೊನೆಯ ದಿನಗಳಲ್ಲೇ ನಮ್ಮಲ್ಲಿ ಷೇರು ಆಪ್ಷನ್‌ಗಳ ವಿತರಣೆಯ ಗಂಡಾಂತರ. 2019ರಿಂದ ಇವೆಲ್ಲ ಷೇರು ಕೊಟ್ಟು ಪಡೆದೇ ಚುಕ್ತಾ ಆಗುತ್ತವೆ. ಷೇರು 1470ಕ್ಕೆ ಮುಗಿದರೆ 1480ರ ಪುಟ್ ಮಾತ್ರ ಜೀವಂತ: ನಾನು 400 ಷೇರು ಕೊಡಬೇಕು, ನನ್ನ ಬಳಿ ಒಂದೂ ಇಲ್ಲ. 1450ಕ್ಕೆ ಮುಗಿದರೆ ಮಾರಿದ ಎರಡರಿಂದ 800 ಷೇರು ಬರುತ್ತದೆ, 400 ಹೋಗುತ್ತದೆ. ಉಳಿದ 400ಕ್ಕೆ 5,76,000 ರೂಪಾಯಿ ಹೊಂದಿಸಬೇಕು. ನನ್ನ ಖಾತೆಯಲ್ಲಿರುವುದು ಮೂರು ಲಕ್ಷ. 1420ರ ಕೆಳಗೆ ಮಾತ್ರ ನಾಲ್ಕೂ ಪರಸ್ಪರ ವಜಾ ಆಗುತ್ತವೆ. ಅಂದರೆ ಲಾಭದ ಶಿಖರ ಇರುವ ಜಾಗದಲ್ಲೇ ವಿತರಣೆಯ ಭಾರವೂ ಬೀಳುತ್ತದೆ. ಮೇಲಾಗಿ ಕೊನೆಯ ನಾಲ್ಕು ದಿನ ಮಾರ್ಜಿನ್ ದಿನೇ ದಿನೇ ಏರುತ್ತದೆ.

ಹಾಗಾಗಿ 9000ವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಕ್ಸ್‌ಪೈರಿಯ ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ಮುಂಚೆ, ಮಾರಿದ ಪುಟ್‌ಗಳನ್ನು ಮೊದಲು ಕೊಂಡು, ಎಲ್ಲವನ್ನೂ ಮುಚ್ಚುತ್ತೇನೆ. ಆ ಸಲ ಷೇರು 1460ರ ಸುತ್ತಲೇ ಇತ್ತು, ಮೂರೂವರೆ ಸಾವಿರದಷ್ಟು ಬಂತು.

ಕೊಳ್ಳುವ–ಮಾರುವ ದರಗಳ ಅಂತರ ಒಂದೂವರೆ ರೂಪಾಯಿ ದಾಟಿದ ಷೇರಿನಲ್ಲಿ ಇದನ್ನು ಹಾಕುವುದಿಲ್ಲ, 2.50 ಅಲ್ಲೇ ಸೋರಿಹೋಗುತ್ತದೆ.

ದಿನವಿಡೀ ಪರದೆ ನೋಡುವವರಿಗೆ, ಕುಸಿತ ಶುರುವಾದೊಡನೆ ಹೊರಬರುವವರಿಗೆ ಸ್ಪ್ರೆಡ್‌ನ 4000 ಒಳ್ಳೆಯದೇ. ನಾನು ಕಚೇರಿಯಲ್ಲಿರುತ್ತೇನೆ, ಫೋನ್ ನೋಡುವುದು ಊಟದ ಹೊತ್ತಿಗೆ. 7000ದ ನಷ್ಟವನ್ನು ಒಂದು ತಿಂಗಳ ಸಂಬಳದಲ್ಲಿ ಸರಿದೂಗಿಸಬಲ್ಲೆ, 12,000ವನ್ನು ಆಗುವುದಿಲ್ಲ.