ಮಾತ್ರೆ, ಮಿನಿ ಮಾತ್ರೆ, ಕಾಪರ್ ಟಿ, ಹಾರ್ಮೋನ್ ವಂಕಿ: ನಾಲ್ಕನ್ನೂ ಬಳಸಿದ ಮೇಲೆ

ಗರ್ಭನಿರೋಧಕ ಮಾತ್ರೆ ಎಷ್ಟು ಗ್ಯಾರಂಟಿ ಅಂತ ಕೇಳಿದರೆ ನೂರಕ್ಕೆ 99ಕ್ಕಿಂತ ಜಾಸ್ತಿ ಅನ್ನುತ್ತಾರೆ. ಕಾಪರ್ ಟಿ ಬಗ್ಗೆ ಕೇಳಿದರೂ ಅದೇ ಉತ್ತರ. ಎರಡೂ ಸುಳ್ಳಲ್ಲ. ಆದರೆ ಮಾತ್ರೆಯ ಆ ಲೆಕ್ಕ ಒಂದು ದಿನವೂ ತಪ್ಪಿಸದೆ ನುಂಗಿದವರದ್ದು. ಮನೆ, ಕೆಲಸ, ಮದುವೆ ಓಡಾಟ, ವಾಂತಿ ಭೇದಿ ಎಲ್ಲದರ ನಡುವೆ ನುಂಗುವ 100 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 7 ಮಂದಿ ಬಸಿರಾಗುತ್ತಾರೆ. ಕಾಪರ್ ಟಿ ಇರುವವರಲ್ಲಿ 100ಕ್ಕೆ ಒಬ್ಬರೂ ಇಲ್ಲ. ಕಾಪರ್ ಟಿ ಹಾಗೇ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿಯಲ್ಲಿ ಇನ್ನೂ ಕಡಿಮೆ.

ಮದುವೆಯಾದ ಹೊಸದರಲ್ಲಿ ನಾನು ಎರಡು ಹಾರ್ಮೋನಿನ ಮಾತ್ರೆ ತೆಗೆದುಕೊಂಡೆ. ಹೆರಿಗೆಯ ನಂತರ ಮಿನಿ ಮಾತ್ರೆ. ಆಮೇಲೆ ಕಾಪರ್ ಟಿ. ಈಗ ಹಾರ್ಮೋನ್ ವಂಕಿ ಇದೆ. ಇವನ್ನು ಹೋಲಿಸೋಕೆ ನನ್ನ ಪ್ರಕಾರ ಎರಡೇ ಪ್ರಶ್ನೆ ಸಾಕು. ಒಂದು, ನಾವು ಮರೆತರೆ ಏನಾಗುತ್ತೆ? ಇನ್ನೊಂದು, ಅದರಲ್ಲಿ ಈಸ್ಟ್ರೋಜನ್ ಇದೆಯಾ?

ಮೊದಲು ಎರಡು ಹಾರ್ಮೋನಿನ ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್ ಇದೇ ಜಾತಿ. 21 ಬಿಳಿ ಮಾತ್ರೆಗಳಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟೋಜನ್ ಎರಡೂ ಇರುತ್ತೆ. ಉಳಿದ 7ರಲ್ಲಿ ಕಬ್ಬಿಣದ ಅಂಶ ಅಷ್ಟೇ, ಹಾರ್ಮೋನ್ ಇಲ್ಲ. ಬಿಳಿ ಮಾತ್ರೆ ಅಂಡ ಬಿಡುಗಡೆಯಾಗದಂತೆ ತಡೆಯುತ್ತದೆ. ಇದರ ಸುಖ ದೊಡ್ಡದು. ಮುಟ್ಟು ಹೇಳಿದ ದಿನಕ್ಕೆ ಬರುತ್ತಿತ್ತು. ಹೊಟ್ಟೆನೋವು ಕಡಿಮೆಯಾಯಿತು. ಮುಖದ ಮೊಡವೆಯೂ ಹೋಯಿತು.

ಮರೆವಿನ ವಿಷಯಕ್ಕೆ ಬಂದರೆ, ನನ್ನ ತಂಗಿಯ ಪ್ರಸಂಗ ಹೇಳಬೇಕು. ಅವಳದು ಶಿಫ್ಟ್ ಕೆಲಸ. ಒಂದು ಶನಿವಾರ ಫೋನ್ ಮಾಡಿ, "ಅಕ್ಕಾ, ಗುರುವಾರದ್ದೂ ಶುಕ್ರವಾರದ್ದೂ ಹಾಗೇ ಉಳಿದಿದೆ, ಮೂರನೇ ಸಾಲು, ಏನ್ ಮಾಡ್ಲಿ?" ಅಂದಳು. ಒಂದೇ ಮಾತ್ರೆ ತಪ್ಪಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ನೆನಪಾದ ಕೂಡಲೇ ನುಂಗಿದರೆ ಆಯಿತು. ಎರಡು ಅಥವಾ ಜಾಸ್ತಿ ತಪ್ಪಿದರೆ ನಿಯಮ ಬೇರೆ. ಅವಳು ತಪ್ಪಿದ್ದರಲ್ಲಿ ಒಂದನ್ನು ತಕ್ಷಣ ನುಂಗಿದಳು, ಅವತ್ತಿನದನ್ನು ಅದರ ಹೊತ್ತಿಗೆ ತೆಗೆದುಕೊಂಡಳು. ಮುಂದಿನ 7 ದಿನ ಕಾಂಡೋಮ್. ಮೂರನೇ ವಾರ ಆಗಿದ್ದರಿಂದ ಬಿಳಿ ಮಾತ್ರೆ ಮುಗಿದ ಮೇಲೆ ಕಬ್ಬಿಣದ ಸಾಲನ್ನು ಬಿಟ್ಟು ನೇರವಾಗಿ ಹೊಸ ಪೊಟ್ಟಣ ಶುರು ಮಾಡಿದಳು.

ಕಬ್ಬಿಣದ ಸಾಲು ಯಾಕೆ ಬಿಡಬೇಕು? ಆ 7 ದಿನ ಅಂಡಾಶಯಕ್ಕೆ ರಜೆ ಇದ್ದ ಹಾಗೆ. ಅಷ್ಟರೊಳಗೆ ಅಂಡ ಬೆಳೆದು ಹೊರಬರೋಕೆ ಸಮಯ ಸಾಲದು. ರಜೆ 9, 10 ದಿನ ಆದರೆ ಅಂಡ ಹೊರಬಂದುಬಿಡಬಹುದು. ಹಾಗಾಗಿ ತುಂಬಾ ಅಪಾಯದ ಮರೆವು ಅಂದರೆ ಪೊಟ್ಟಣದ ಆರಂಭದ್ದು. ಹೊಸ ಪೊಟ್ಟಣ ಶುರು ಮಾಡೋದು ಎರಡು ಮೂರು ದಿನ ತಡವಾದರೆ ಅಂತರ ಉದ್ದವಾಗುತ್ತೆ. ಆಗ ಸಂಬಂಧ ನಡೆದಿದ್ದರೆ ತುರ್ತು ಮಾತ್ರೆ ಬೇಕಾ ಅಂತ ಡಾಕ್ಟರನ್ನು ಕೇಳಲೇಬೇಕು.

ಈಗ ಈಸ್ಟ್ರೋಜನ್. ನನಗೆ ಮೆಡಿಕಲ್ ಶಾಪಿನವರು ಒಂದು ಪ್ರಶ್ನೆಯನ್ನೂ ಕೇಳದೆ ಪೊಟ್ಟಣ ಕೊಟ್ಟಿದ್ದರು. ಬಿಪಿ ನೋಡಿದವರೂ ಇಲ್ಲ. ಒಂದಷ್ಟು ಕಾಲದ ನಂತರ ನನಗೆ ಅರ್ಧ ತಲೆನೋವು ಶುರುವಾಯಿತು. ಅದಕ್ಕಿಂತ ಮೊದಲು ಕಣ್ಣ ಮುಂದೆ ಅಂಕುಡೊಂಕಾದ ಬೆಳಕಿನ ಗೆರೆ ಮಿನುಗುತ್ತಾ ದೊಡ್ಡದಾಗುತ್ತಿತ್ತು. ಇಪ್ಪತ್ತು ನಿಮಿಷ ಓದೋಕೂ ಆಗುತ್ತಿರಲಿಲ್ಲ. ಕನ್ನಡಕದ ನಂಬರ್ ಬದಲಾಗಿರಬೇಕು ಅಂತ ಹೋದರೆ, ಕಣ್ಣಿನ ಡಾಕ್ಟರ್ ಕೇಳಿದ್ದು, "ಏನಮ್ಮಾ, ಬೇರೆ ಯಾವುದಾದ್ರೂ ಮಾತ್ರೆ ತಗೋತಾ ಇದ್ದೀರಾ?" ಹೇಳಿದ ಕೂಡಲೇ, ಇವತ್ತಿಂದಲೇ ನಿಲ್ಲಿಸಿ ಅಂದರು.

ಅದಕ್ಕೆ ಔರಾ ಇರುವ ಮೈಗ್ರೇನ್ ಅನ್ನುತ್ತಾರೆ. ಅಂಥವರಿಗೆ ಪಾರ್ಶ್ವವಾಯುವಿನ ಅಪಾಯ ಮೊದಲೇ ಸ್ವಲ್ಪ ಜಾಸ್ತಿ. ಈಸ್ಟ್ರೋಜನ್ ಅದನ್ನು ಇನ್ನೂ ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ವಿಧಾನಕ್ಕೂ 1ರಿಂದ 4ರವರೆಗೆ ದರ್ಜೆ ಕೊಡುತ್ತದೆ. 1 ಅಂದರೆ ಧಾರಾಳವಾಗಿ ಬಳಸಿ, 4 ಅಂದರೆ ಬೇಡವೇ ಬೇಡ. ಔರಾ ಇದ್ದರೆ ಯಾವ ವಯಸ್ಸಿನಲ್ಲೂ ಈ ಮಾತ್ರೆಗೆ ದರ್ಜೆ 4. ಬಿಪಿ 160/100 ಅಥವಾ ಮೇಲಿದ್ದರೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ಸ್ತನ ಕ್ಯಾನ್ಸರ್ ಇದ್ದರೆ, ಎದೆಹಾಲು ಕುಡಿಸುವ ತಾಯಿಗೆ ಹೆರಿಗೆಯಾಗಿ 6 ವಾರ ಆಗಿರದಿದ್ದರೆ ಕೂಡ ಹಾಗೇ. 35 ದಾಟಿ ದಿನಕ್ಕೆ 15 ಸಿಗರೇಟು ಸೇದುವವರೂ ಇದೇ ಪಟ್ಟಿಯಲ್ಲಿದ್ದಾರೆ. ಬಿಪಿ 140/90 ದಾಟಿದ್ದರೂ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ.

ಇಷ್ಟು ಓದಿ ಎಲ್ಲರೂ ಹೆದರಬೇಕಿಲ್ಲ. ಯಾವ ತೊಂದರೆಯೂ ಇಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ರಕ್ತ ಹೆಪ್ಪುಗಟ್ಟುತ್ತದೆ. ಮಾಲಾ-ಎನ್ ತರಹದ ಮಾತ್ರೆ ತೆಗೆದುಕೊಂಡರೆ ಅದು 5ರಿಂದ 7 ಆಗುತ್ತೆ. ಬಸಿರಿನಲ್ಲಿ, ಬಾಣಂತನದಲ್ಲಿ ಇದಕ್ಕಿಂತ ಜಾಸ್ತಿ. ಆರೋಗ್ಯವಾಗಿರುವ, ಸಿಗರೇಟು ಸೇದದ, ಬಿಪಿ ಸರಿಯಿರುವ ಹುಡುಗಿಗೆ ಇದು ಒಳ್ಳೆಯ ಮಾತ್ರೆಯೇ. ಬಿಪಿ ನೋಡಿಸಿ, ತಲೆನೋವಿನ ಬಗ್ಗೆ ಹೇಳಿ ಶುರು ಮಾಡಬೇಕು, ಅಷ್ಟೇ. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಎಚ್ಚರ. ಆ ಔಷಧ ಇದರ ಬಲ ಕುಗ್ಗಿಸುತ್ತದೆ. ಮುಂದೆ ಹೇಳುವ ಮಿನಿ ಮಾತ್ರೆಗೂ ಇದೇ ಕಥೆ. ಅಂಥವರಿಗೆ ವಂಕಿಯೋ ಇಂಜೆಕ್ಷನ್ನೋ ವಾಸಿ.

ಹೆರಿಗೆಯ ನಂತರ ಮಿನಿ ಮಾತ್ರೆಗೆ ಬಂದೆ. ಇದರಲ್ಲಿ ಪ್ರೊಜೆಸ್ಟೋಜನ್ ಮಾತ್ರ, ಈಸ್ಟ್ರೋಜನ್ ಇಲ್ಲ. ಹಾಗಾಗಿ ಹಾಲು ಕುಡಿಸುವವರಿಗೆ, ಬಿಪಿ ಇರುವವರಿಗೆ, ನನ್ನಂಥ ಮೈಗ್ರೇನಿನವರಿಗೆ ದಾರಿ ಇದೆ. ಸ್ತನ ಕ್ಯಾನ್ಸರ್ ಇದ್ದರೆ ಇದೂ ಆಗದು. ನನಗೆ ಕೊಟ್ಟದ್ದು ಡೆಸೊಜೆಸ್ಟ್ರೆಲ್ 75 ಮೈಕ್ರೊಗ್ರಾಂ. ಇದರಲ್ಲಿ ರಜೆಯ ಸಾಲೇ ಇಲ್ಲ, ದಿನವೂ ಒಂದು. 12 ಗಂಟೆಗಿಂತ ತಡವಾದರೆ ತಪ್ಪಿದ ಲೆಕ್ಕ. ಮಿನಿ ಮಾತ್ರೆಯ ಹಳೆಯ ಬಗೆಗಳಲ್ಲಿ ಬರೀ 3 ಗಂಟೆ. ಮಗು ರಾತ್ರಿ ಮೂರು ಸಲ ಎಬ್ಬಿಸುವಾಗ ಈ ಗಡಿಯಾರ ಯಾರಿಗೆ ಬೇಕು? ಮರೆವಿನ ಲೆಕ್ಕದಲ್ಲಿ ಇದೂ ಮೊದಲಿನ ಮಾತ್ರೆಯಷ್ಟೇ, 100ಕ್ಕೆ ಸುಮಾರು 7. ನನಗೆ ಕಿರಿಕಿರಿಯಾದದ್ದು ಆಗಾಗ ಕಾಣಿಸುತ್ತಿದ್ದ ರಕ್ತದ ಕಲೆ. ಯಾವಾಗ ಬರುತ್ತೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಇದೇ ಗುಂಪಿನ ಅಂತರಾ ಇಂಜೆಕ್ಷನ್ ನಾನು ತೆಗೆದುಕೊಂಡಿಲ್ಲ, ಆಫೀಸಿನ ಗೆಳತಿ ತೆಗೆದುಕೊಂಡಿದ್ದಾಳೆ. ಮೂರು ತಿಂಗಳಿಗೊಂದು ಚುಚ್ಚು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. 100ಕ್ಕೆ ಸುಮಾರು 4 ಮಂದಿಗೆ ಕೈಕೊಡುತ್ತದೆ, ಅದೂ ಹೆಚ್ಚಾಗಿ ಮುಂದಿನ ಚುಚ್ಚಿಗೆ ಹೋಗದೇ ಇದ್ದಾಗ. ಗೆಳತಿಗೆ ಅದು ಚೆನ್ನಾಗಿ ಒಗ್ಗಿತು. ಆದರೆ ಬೇಗ ಇನ್ನೊಂದು ಮಗು ಬೇಕು ಅನ್ನುವವರಿಗೆ ನಾನು ಹೇಳಲ್ಲ. ನಿಲ್ಲಿಸಿದ ಮೇಲೆ ಬಸಿರಾಗೋಕೆ ಕೊನೆಯ ಚುಚ್ಚಿನಿಂದ ಸರಾಸರಿ 10 ತಿಂಗಳು ಹಿಡಿಯುತ್ತದೆ.

ಮಗು ನಡೆಯೋಕೆ ಶುರು ಮಾಡಿದ ಮೇಲೆ ಕಾಪರ್ ಟಿ ಹಾಕಿಸಿಕೊಂಡೆ. ನಮ್ಮ ಕಡೆ ಆಶಾ ಕಾರ್ಯಕರ್ತೆಯರು ಇದನ್ನು ವಂಕಿ ಅಂತಲೇ ಹೇಳೋದು. ಹಾರ್ಮೋನ್ ಚೂರೂ ಇಲ್ಲ. ತಾಮ್ರದ ಕಣ ವೀರ್ಯಾಣುಗಳನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. 380ಎ ಅನ್ನೋದು 10 ವರ್ಷದ್ದು, 375 ಅನ್ನೋದು 5 ವರ್ಷದ್ದು. ಮೈಗ್ರೇನ್, ಬಿಪಿ, ಹೆಪ್ಪುಗಟ್ಟಿದ ಇತಿಹಾಸ, ಸ್ತನ ಕ್ಯಾನ್ಸರ್, ಯಾವುದಿದ್ದರೂ ಇದಕ್ಕೆ ಅಡ್ಡಿಯಿಲ್ಲ. ಇದಕ್ಕೆ ಬೇಡ ಅನ್ನೋ ಕಾರಣಗಳು ಹೆಚ್ಚಾಗಿ ಗರ್ಭಕೋಶಕ್ಕೇ ಸೇರಿದವು. ಕೀವಿನ ಸೋಂಕು ಇರುವಾಗ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವಾಗ, ಗಡ್ಡೆಯಿಂದ ಗರ್ಭಕೋಶದ ಒಳಗಿನ ಆಕಾರ ಕೆಟ್ಟಿರುವಾಗ ಹಾಕುವುದಿಲ್ಲ. ಹೆರಿಗೆಯಾದ 48 ಗಂಟೆಯೊಳಗೆ ಹಾಕಬಹುದು. ಅದು ತಪ್ಪಿದರೆ ಕನಿಷ್ಠ 4 ವಾರ ಕಾಯಬೇಕು.

ಹಾಕುವಾಗ ನೋವಾಗುತ್ತಾ? ಆಗುತ್ತೆ. ಒಂದೆರಡು ನಿಮಿಷ ಜೋರಾಗಿ ಹಿಂಡಿದ ಹಾಗೆ, ಆಮೇಲೆ ಮುಟ್ಟಿನ ನೋವಿನ ಹಾಗೆ. ನಮ್ಮ ಅತ್ತೆಗೆ ಇದ್ದ ಭಯ ಬೇರೆ: "ಅದು ಎದೆಗೆ ಏರ್‍ತದಂತೆ." ಎದೆಗೆ ಏರೋದಿಲ್ಲ. ಹಾಕುವಾಗ 1,000ಕ್ಕೆ ಒಬ್ಬಿಬ್ಬರಲ್ಲಿ ಗರ್ಭಕೋಶದ ಗೋಡೆಗೆ ತೂತಾಗಬಹುದು. ಹಾಲು ಕುಡಿಸುವವರಲ್ಲಿ ಆ ಸಾಧ್ಯತೆ ಜಾಸ್ತಿ. ಇನ್ನೂ ಸಾಮಾನ್ಯವಾದದ್ದು ತಾನಾಗೇ ಜಾರಿ ಹೊರಬರುವುದು, 20ಕ್ಕೆ ಒಬ್ಬರಿಗೆ, ಹೆಚ್ಚಾಗಿ ಮೊದಲ ವರ್ಷ. ಅದಕ್ಕೇ ಮುಟ್ಟು ಮುಗಿದ ಮೇಲೆ ದಾರ ಬೆರಳಿಗೆ ಸಿಗುತ್ತಾ ನೋಡಿಕೊಳ್ಳಿ ಅನ್ನೋದು. ದಾರ ಸಿಗದಿದ್ದರೆ, ತುಂಬಾ ಉದ್ದವೆನಿಸಿದರೆ, ಗಟ್ಟಿ ತುದಿ ತಗುಲಿದರೆ ತೋರಿಸಬೇಕು. ಅಲ್ಲಿಯವರೆಗೆ ಕಾಂಡೋಮ್.

ನನಗೆ ಇದೆಲ್ಲ ಸರಿಯಿತ್ತು. ರಕ್ತಸ್ರಾವ ಮಾತ್ರ ಸರಿಯಿರಲಿಲ್ಲ. ಕಾಪರ್ ಟಿಯಿಂದ ಮುಟ್ಟು ಜೋರಾಗುವುದು ಸಹಜ. ಮೊದಲ ಕೆಲವು ತಿಂಗಳ ನಂತರ ತಗ್ಗಬೇಕು. ನನಗೆ ತಗ್ಗಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ ಹನ್ನೊಂದರ ಮೇಲಿದ್ದದ್ದು ಒಂಬತ್ತಕ್ಕೆ ಇಳಿದಿತ್ತು. ರಕ್ತಹೀನತೆ ಇದ್ದರೆ ಕಾಪರ್ ಟಿ ನಿಷಿದ್ಧವಲ್ಲ, ದರ್ಜೆ 2 ಅಷ್ಟೇ. ಆದರೂ ಮೊದಲೇ ಮುಟ್ಟು ಜೋರಿರುವವರು ಹಾಕಿಸುವ ಮುಂಚೆ ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ.

ಅದನ್ನು ತೆಗೆಸಿ ಹಾಕಿಸಿಕೊಂಡದ್ದು ಹಾರ್ಮೋನ್ ವಂಕಿ. ಆಕಾರ ಅದೇ ಟಿ. ತಾಮ್ರದ ಬದಲು 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುತ್ತೆ. ದಿನಕ್ಕೆ ಇಷ್ಟಿಷ್ಟೇ ಗರ್ಭಕೋಶದೊಳಗೆ ಇಳಿಯುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಗರ್ಭಕೋಶದ ಒಳಪದರ ತೆಳುವಾಗುವುದರಿಂದ ಮುಟ್ಟು ಇಳಿಯುತ್ತದೆ. ಜೋರು ಮುಟ್ಟಿಗೆ ಇದನ್ನು ಔಷಧವಾಗಿಯೂ ಹಾಕುತ್ತಾರೆ. ಮೊದಲ ಮೂರರಿಂದ ಆರು ತಿಂಗಳು ಕಲೆ ಕಲೆಯಾಗಿ ಕಾಡುತ್ತೆ. ಆಗಲೇ ಬೇಸತ್ತು ತೆಗೆಸಿದವರನ್ನು ನೋಡಿದ್ದೇನೆ. ನಾನು ಕಾದೆ, ಈಗ ಮುಟ್ಟು ಅಂದರೆ ಎರಡು ದಿನದ ಹೆಸರಿಗೊಂದು ಸ್ರಾವ. ಒಂದು ವರ್ಷದ ಹೊತ್ತಿಗೆ ಐದರಲ್ಲಿ ಒಬ್ಬರಿಗೆ ಪೂರ್ತಿ ನಿಲ್ಲುತ್ತದೆ. ಕೆಟ್ಟ ರಕ್ತ ಒಳಗೇ ಕೂರುತ್ತೆ ಅನ್ನೋದು ಸುಳ್ಳು. ಪದರ ಬೆಳೆಯದಿದ್ದರೆ ಹೊರಹೋಗೋಕೆ ಏನೂ ಇರೋದಿಲ್ಲ. ಔರಾ ಮೈಗ್ರೇನಿಗೆ ಇದು ದರ್ಜೆ 2. ಸ್ತನ ಕ್ಯಾನ್ಸರ್ ಇದ್ದರೆ ಬೇಡ, ಗರ್ಭಕೋಶದ ಕಾರಣಗಳು ಕಾಪರ್ ಟಿಯವೇ. ಅಡ್ಡಿ ಅಂದರೆ ದುಡ್ಡು. ಖಾಸಗಿಯಲ್ಲಿ ಕೆಲವು ಸಾವಿರ ರೂಪಾಯಿ ಬೀಳುತ್ತದೆ.

ತಂಗಿ ಇದನ್ನೇ ಹಾಕಿಸಲಾ ಅಂತ ಕೇಳಿದಳು. ಅವಳ ಮುಟ್ಟು ಹಗುರ, ಹಿಮೋಗ್ಲೋಬಿನ್ ಚೆನ್ನಾಗಿದೆ. ಸುಮ್ನೆ ಅಷ್ಟು ಖರ್ಚು ಯಾಕೆ, ಕಾಪರ್ ಟಿ ಸಾಕು ಅಂದೆ. ಮುಟ್ಟಿನ ದಿನಗಳಲ್ಲೇ ಹೋಗಿ ಹಾಕಿಸಿಕೊಂಡಳು, ಬಸಿರಿಲ್ಲ ಅನ್ನೋದು ಆಗ ಖಾತ್ರಿ ಇರುತ್ತೆ. ಅವಳಿಗೆ ನಾನು ಒತ್ತಿ ಹೇಳಿದ್ದು ಒಂದೇ. ಯಾವ ವಂಕಿ ಇದ್ದರೂ ಬಸಿರಾಗುವುದು ಅಪರೂಪ. ಆದರೆ ಆದಾಗ ಅದು ಗರ್ಭನಾಳದಲ್ಲಿ ನಿಂತಿರುವ ಸಾಧ್ಯತೆ ಹೆಚ್ಚು. ಮುಟ್ಟು ತಪ್ಪಿ ಕಾರ್ಡಿನಲ್ಲಿ ಎರಡು ಗೆರೆ ಬಂದರೆ, ಅಥವಾ ಕಿಬ್ಬೊಟ್ಟೆಯ ಒಂದೇ ಪಕ್ಕ ನೋವಿದ್ದು ತಲೆಸುತ್ತು ಬಂದರೆ, ನಾಳೆ ನೋಡೋಣ ಅನ್ನದೆ ಅವತ್ತೇ ಸ್ಕ್ಯಾನಿಗೆ ಹೋಗಬೇಕು.